ಜ್ವರಕ್ಕೆ ಕೂತ ರಾತ್ರಿ

"ಟಿ.ಸಿ. ನಾರ್ಮಲ್ ಮೇಡಂ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿ ತಲೆಯಾಡಿಸಿದ್ದೆನೋ ಲೆಕ್ಕವಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯ ಮನೋವೈದ್ಯಕೀಯ ವಾರ್ಡಿನಲ್ಲಿ ಆಗ ಕೆಲಸ ಮಾಡುತ್ತಿದ್ದೆ. ಕ್ಲೋಜಪಿನ್ ಶುರು ಮಾಡಿದ ರೋಗಿಗೆ ವಾರಕ್ಕೊಮ್ಮೆ ರಕ್ತ ತೆಗೆಯುವುದು ಅಲ್ಲಿ ರೂಢಿ. ಆದರೆ ಆ ರೂಢಿ ಎಲ್ಲೂ ಬರೆದಿರಲಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ರೌಂಡ್ಸಿನಲ್ಲಿ ನಾನು ಕೇಳುತ್ತಿದ್ದೆ, ಪೀಜಿ ಹುಡುಗ ಹೇಳುತ್ತಿದ್ದ, ಮಾತ್ರೆ ಏರುತ್ತಿತ್ತು.

ಒಂದು ಗುರುವಾರ ಕೇಸ್‌ಶೀಟಿಗೆ ಪಿನ್ನು ಹೊಡೆದಿದ್ದ ಹಳೆಯ ರಿಪೋರ್ಟನ್ನು ಬೇರೇನೋ ಹುಡುಕುತ್ತ ತಿರುವಿದೆ. ಒಟ್ಟು ಬಿಳಿ ರಕ್ತಕಣ 4100. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿರುವ ಮಿತಿ 4000ದಿಂದ ಶುರು, ಹಾಗಾಗಿ ಟಿ.ಸಿ. ನಾರ್ಮಲ್ಲೇ. ಕೆಳಗೆ ಡಿ.ಸಿ.: ನ್ಯೂಟ್ರೋಫಿಲ್ 30, ಲಿಂಫೋಸೈಟ್ 62. ಅಲ್ಲೇ ನಿಂತು ಗುಣಿಸಿದೆ. 4100ರಲ್ಲಿ ನೂರಕ್ಕೆ ಮೂವತ್ತು ಅಂದರೆ 1230. ಸೋಂಕಿನ ಎದುರು ಮೊದಲು ಹೋಗಿ ನಿಲ್ಲುವ ಕಣಗಳು ಅವು; 1500ಕ್ಕಿಂತ ಕೆಳಗೆ ಹೋದರೆ ಮಾತ್ರೆ ನಿಲ್ಲಿಸಬೇಕು ಎಂದು ನಾನೇ ಪಾಠ ಮಾಡಿದ್ದೆ. ರಿಪೋರ್ಟು ಬಂದು ಮೂರು ದಿನವಾಗಿತ್ತು. ಆ ಮೂರು ದಿನವೂ ಡೋಸು ಏರಿತ್ತು, ಏರಿಸಿದ ಆರ್ಡರಿನ ಕೆಳಗೆ ನನ್ನ ಸಹಿಯಿತ್ತು.

ಆ ರೋಗಿಗೆ ಏನೂ ಆಗಲಿಲ್ಲ. ಎರಡು ದಿನದಲ್ಲಿ ಸಂಖ್ಯೆ ತಾನಾಗಿ ಮೇಲೆ ಬಂತು, ಯಾವುದೋ ವೈರಲ್ ಜ್ವರದ ಬಾಲ ಇರಬೇಕು. ಆದರೆ 1975ರಲ್ಲಿ ಫಿನ್ಲೆಂಡಿನಲ್ಲಿ ಇದೇ ಮಾತ್ರೆ ತಿಂದವರಲ್ಲಿ ನ್ಯೂಟ್ರೋಫಿಲ್ ಸೊನ್ನೆಗಿಳಿದು ಎಂಟು ಜನ ಸತ್ತ ಮೇಲೆ ಅದು ಹಲವು ದೇಶಗಳ ಅಂಗಡಿಗಳಿಂದ ಹೊರಬಿದ್ದಿತ್ತು. ಬೇರೆ ಔಷಧಿಗೆ ಬಗ್ಗದ ಸ್ಕಿಜೋಫ್ರೀನಿಯಾ ಇದಕ್ಕೆ ಬಗ್ಗುತ್ತದೆ ಎಂದು 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು ತೋರಿಸಿದ ಮೇಲೆ ಮರಳಿ ಬಂತು, ಆದರೆ ರಕ್ತಪರೀಕ್ಷೆಯ ಷರತ್ತಿನ ಮೇಲೆ. ರಕ್ತದ ಫಲಿತಾಂಶ ತೋರಿಸದೆ ಮಾತ್ರೆಯೇ ಸಿಗದಂಥ ಕೇಂದ್ರ ವ್ಯವಸ್ಥೆಯನ್ನು ಇಂಗ್ಲೆಂಡಿನಲ್ಲಿ ಕಟ್ಟಿದರು. ಅಮೆರಿಕದಲ್ಲೂ ಇತ್ತು, 2025ರಲ್ಲಿ ತೆಗೆದರು. ನಮ್ಮಲ್ಲಿ ಚೀಟಿ ಕೊಟ್ಟರೆ ಅಂಗಡಿಯವನು ಮಾತ್ರೆ ಕೊಡುತ್ತಾನೆ. ನಡುವೆ ಅಡ್ಡ ನಿಲ್ಲುವುದು ವಾರ್ಡಿನ ಕಾಗದ ಒಂದೇ, ಆ ಕಾಗದ ನಮ್ಮಲ್ಲಿರಲಿಲ್ಲ.

ಬರೆಯಲು ಕೂತೆ. ಮೊದಲ ಸಲ ಎಂಟು ಪುಟ ಬರೆದೆ. ಹೆಮ್ಮೆಯಿಂದ ನಮ್ಮ ಹಿರಿಯ ಸಿಸ್ಟರ್ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಪುಟ ತಿರುವಿ, "ಚೆನ್ನಾಗಿದೆ ಮೇಡಂ. ರಾತ್ರಿ ಎರಡು ಗಂಟೆಗೆ ಇದನ್ನ ಯಾರು ಓದ್ತಾರೆ?" ಅಂದರು. ಅಷ್ಟಕ್ಕೇ ಬಿಡಲಿಲ್ಲ. "ಇಲ್ಲಿ 'ವೈದ್ಯರಿಗೆ ತಿಳಿಸತಕ್ಕದ್ದು' ಅಂತಿದೆ. ಯಾವ ವೈದ್ಯರಿಗೆ? ತಿಳಿಸಿ, ಅವರು ಫೋನ್ ಎತ್ತದಿದ್ರೆ ಮಾತ್ರೆ ಕೊಡಲೋ ಬೇಡವೋ?"

ಎಂಟು ಪುಟ ಒಂದು ಹಾಳೆಯಾಯಿತು, ಎರಡೂ ಮಗ್ಗುಲು. ಮುಂದಿನ ಮಗ್ಗುಲಲ್ಲಿ ರಕ್ತ, ಹಿಂದಿನದರಲ್ಲಿ ಹೃದಯ. ರಕ್ತದ ಕಡೆ ಪ್ರತಿ ವಾರಕ್ಕೂ ಮೂರು ಚೌಕ ಹಾಕಿದೆವು: ಟಿ.ಸಿ. ಎಷ್ಟು, ನ್ಯೂಟ್ರೋಫಿಲ್ ನೂರಕ್ಕೆ ಎಷ್ಟು, ಗುಣಿಸಿದರೆ ಎಷ್ಟು. "ನಾರ್ಮಲ್" ಎಂದು ಬರೆಯಲು ಜಾಗವನ್ನೇ ಇಡಲಿಲ್ಲ. ಮೂರನೆಯ ಚೌಕ ತುಂಬಿ ಸಹಿ ಮಾಡದೆ ಆ ವಾರ ಡೋಸು ಏರಿಸುವ ಹಾಗಿಲ್ಲ. 2000ಕ್ಕಿಂತ ಮೇಲಿದ್ದರೆ ಮುಂದುವರಿಸಿ. 1500ರಿಂದ 2000ದ ನಡುವೆ ಇದ್ದರೆ ಮಾತ್ರೆ ಇರಲಿ, ಏರಿಸುವುದು ಬೇಡ, ವಾರಕ್ಕೆ ಎರಡು ಸಲ ರಕ್ತ. 1500ಕ್ಕಿಂತ ಕೆಳಗಿದ್ದರೆ ಆ ರಾತ್ರಿಯ ಮಾತ್ರೆಯನ್ನು ಯಾರನ್ನೂ ಕೇಳದೆ ಸಿಸ್ಟರೇ ತಡೆಹಿಡಿಯುತ್ತಾರೆ, ಮರುದಿನ ಮತ್ತೆ ರಕ್ತ, ತೀರ್ಮಾನ ಹಿರಿಯ ವೈದ್ಯರದು. 500ಕ್ಕಿಂತ ಕೆಳಗೆ ಹೋದರೆ ಅದು ತುರ್ತು, ಫಿಸಿಷಿಯನ್ ಬರಬೇಕು.

1500ರ ಗೆರೆಯ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಅಮೆರಿಕದವರು 2015ರಲ್ಲಿ ಮಾತ್ರೆ ನಿಲ್ಲಿಸುವ ಗೆರೆಯನ್ನು 1000ಕ್ಕೆ ಇಳಿಸಿದ್ದರು. ಕಾರಣವಿತ್ತು. ಕೆಲವು ಜನಕ್ಕೆ ಹುಟ್ಟಿನಿಂದಲೇ ಈ ಸಂಖ್ಯೆ ಕಡಿಮೆ, ಅದರಿಂದ ಅವರಿಗೇನೂ ತೊಂದರೆಯಿಲ್ಲ. ಅಂಥವರಿಗೆ ಸುಮ್ಮಸುಮ್ಮನೆ ಮಾತ್ರೆ ತಪ್ಪಿಸಿದರೆ ಇದ್ದ ಒಂದೇ ದಾರಿಯನ್ನೂ ಮುಚ್ಚಿದಂತೆ. ನಾನು 1500ನ್ನೇ ಉಳಿಸಿಕೊಂಡೆ, ಏಕೆಂದರೆ ನಮ್ಮ ಗೆರೆ "ಶಾಶ್ವತವಾಗಿ ನಿಲ್ಲಿಸಿ" ಎಂಬುದಲ್ಲ, "ಇವತ್ತು ರಾತ್ರಿ ಕೊಡಬೇಡಿ, ದೊಡ್ಡವರನ್ನು ಕರೆಯಿರಿ" ಎಂಬುದು. ಇನ್ನೊಂದು ಸಾಲು ಸೇರಿಸಿದೆ: ಮರುದಿನದ ರಕ್ತವನ್ನು ಬೆಳಗ್ಗೆ ಆರಕ್ಕಲ್ಲ, ಮಧ್ಯಾಹ್ನ ತೆಗೆಯಬೇಕು. ಕೆಲವರಲ್ಲಿ ನ್ಯೂಟ್ರೋಫಿಲ್ ಬೆಳಗ್ಗೆ ತಗ್ಗಿದ್ದು ಹೊತ್ತೇರಿದ ಹಾಗೆ ಏರುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದ ಮೇಲೆ ತೆಗೆದ ರಕ್ತದಿಂದ ಮಾತ್ರೆ ಉಳಿಸಿಕೊಂಡವರಿದ್ದಾರೆ.

ಹೃದಯದ ಮಗ್ಗುಲು ಬರೆಯುವುದು ಇದಕ್ಕಿಂತ ಕಷ್ಟವಾಯಿತು, ಅಲ್ಲಿ ಗುಣಿಸಿ ತೆಗೆಯುವ ಒಂದು ಸಂಖ್ಯೆ ಇಲ್ಲ. ಕ್ಲೋಜಪಿನ್ ಕೆಲವರಲ್ಲಿ ಹೃದಯದ ಸ್ನಾಯುವಿಗೆ ಉರಿಯೂತ ತರುತ್ತದೆ, ಮಯೋಕಾರ್ಡೈಟಿಸ್. ಹೆಚ್ಚು ಕಡಿಮೆ ಎಲ್ಲವೂ ಮೊದಲ ನಾಲ್ಕು ವಾರದೊಳಗೆ, ಅದರಲ್ಲೂ ಮೂರನೆಯ ವಾರದಲ್ಲಿ. ಅದರ ಗುರುತುಗಳು ಜ್ವರ, ನಾಡಿ ಏರುವುದು, ಉಸಿರು, ಎದೆನೋವು, ಕೆಲವೊಮ್ಮೆ ಬರೀ ವಾಂತಿ ಭೇದಿ ಸುಸ್ತು. ತೊಡಕೇನೆಂದರೆ ಆರೋಗ್ಯವಂತ ಹೃದಯದ ನಾಡಿಯನ್ನೂ ಈ ಮಾತ್ರೆ ನೂರು ದಾಟಿಸುತ್ತದೆ, ಎರಡನೆಯ ವಾರದ ಹೊತ್ತಿಗೆ ಏನೂ ಇಲ್ಲದೆಯೂ ಎರಡು ಮೂರು ದಿನ ಜ್ವರ ತರಿಸುತ್ತದೆ. ಎಲ್ಲ ಜ್ವರಕ್ಕೂ ನಿಲ್ಲಿಸಿದರೆ ಮಾತ್ರೆ ಯಾರಿಗೂ ಉಳಿಯುವುದಿಲ್ಲ. ಯಾವ ಜ್ವರಕ್ಕೂ ನಿಲ್ಲಿಸದಿದ್ದರೆ ಒಬ್ಬರು ಸಾಯುತ್ತಾರೆ.

ಆಸ್ಟ್ರೇಲಿಯಾದ ರೊನಾಲ್ಡ್‌ಸನ್ ಮತ್ತು ಜೊತೆಯವರು 75 ರೋಗಿಗಳ ಕೇಸ್‌ಶೀಟು ಕೆದಕಿ 2011ರಲ್ಲಿ ಒಂದು ದಾರಿ ಹಾಕಿಕೊಟ್ಟಿದ್ದರು. ಅದನ್ನೇ ಹಿಡಿದೆ. ಶುರು ಮಾಡುವ ಮೊದಲು ಟ್ರೋಪೋನಿನ್, ಸಿ.ಆರ್.ಪಿ., ಇ.ಸಿ.ಜಿ., ಎಕೋ. ಆಮೇಲೆ 7, 14, 21, 28ನೆಯ ದಿನ ಟ್ರೋಪೋನಿನ್ ಮತ್ತು ಸಿ.ಆರ್.ಪಿ. ಟ್ರೋಪೋನಿನ್ ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ವಸ್ತು, ಸಿ.ಆರ್.ಪಿ. ಮೈಯಲ್ಲಿ ಎಲ್ಲಿ ಉರಿಯೂತವಿದ್ದರೂ ಏರುವಂಥದು. ಟ್ರೋಪೋನಿನ್ ಮಿತಿಯ ಎರಡು ಪಟ್ಟು ದಾಟಿದರೆ ಅಥವಾ ಸಿ.ಆರ್.ಪಿ. 100 ದಾಟಿದರೆ ಮಾತ್ರೆ ನಿಲ್ಲಿಸಿ ಎಕೋ ಮಾಡಿಸಿ. ನಡುವಿನ ಸ್ಥಿತಿಯಲ್ಲಿ, ಅಂದರೆ ಟ್ರೋಪೋನಿನ್ ಸ್ವಲ್ಪ ಏರಿದ್ದರೆ, ಸಿ.ಆರ್.ಪಿ. 50ರಿಂದ 100 ಇದ್ದರೆ, ನಾಡಿ 120 ಮುಟ್ಟಿದರೆ ಅಥವಾ ಮೊದಲಿಗಿಂತ 30 ಏರಿದರೆ, ಮಾತ್ರೆ ಮುಂದುವರಿಸಿ ಎರಡೂ ಪರೀಕ್ಷೆಯನ್ನು ದಿನಾ ಮಾಡಿ. ಮಾತ್ರೆ ನಿಲ್ಲಿಸುವ ಸಾಲಿನ ಆ "ಅಥವಾ" ನನ್ನ ಮೊದಲ ಕರಡಿನಲ್ಲಿ "ಮತ್ತು" ಆಗಿತ್ತು. ಕೈತಪ್ಪು. ಅದನ್ನು ಹಿಡಿದವರೂ ಸಿಸ್ಟರೇ.

ಹಾಳೆ ಬಳಕೆಗೆ ಬಂದು ತಿಂಗಳಾಗಿರಲಿಲ್ಲ, ನಮ್ಮೂರು ಸಾತನೂರಿನಿಂದ ಒಬ್ಬ ಹುಡುಗ ಬಂದ. ಕನಕಪುರ ದಾಟಿ ಮಳವಳ್ಳಿ ದಾರಿಯಲ್ಲಿ ಸಿಗುವ ಊರು, ಸುತ್ತಮುತ್ತಲೆಲ್ಲ ರಾಗಿ, ಹಿಪ್ಪುನೇರಳೆ. ಜೊತೆಗೆ ತಾಯಿ, ಸೋದರಮಾವ. ಊರಿನ ಹೆಸರು ಕೇಳಿ ನಾನೂ ಅಲ್ಲಿಯವಳೇ ಅಂದೆ. "ಯಾರ ಮಗಳವ್ವ ನೀನು?" ಎಂದು ಶುರುವಾದದ್ದು ನಮ್ಮ ಮನೆ, ತೋಟ, ಹುಳದ ಮನೆಯ ಹೆಂಚಿನವರೆಗೂ ಹೋಯಿತು. ಹುಡುಗನಿಗೆ ಇಪ್ಪತ್ನಾಲ್ಕು. ಐದು ವರ್ಷದಿಂದ ಯಾರೋ ಗೋಡೆಯಾಚೆ ನಿಂತು ಅವನ ಮೇಲೆ ಪಂಚಾಯ್ತಿ ನಡೆಸುತ್ತಿದ್ದರು. ಎರಡು ಔಷಧಿಗಳನ್ನು ಪೂರ್ತಿ ಪ್ರಮಾಣದಲ್ಲಿ, ತಾಯಿಯೇ ಕೈಯಾರೆ ನುಂಗಿಸಿ, ಒಂದೊಂದನ್ನೂ ಎರಡೆರಡು ತಿಂಗಳ ಮೇಲೆ ನೋಡಿಯಾಗಿತ್ತು. ಪಂಚಾಯ್ತಿ ಮುಗಿದಿರಲಿಲ್ಲ.

ವಾಲ್ಪ್ರೊಯೇಟ್ ಎಂಬ ಇನ್ನೊಂದು ಮಾತ್ರೆಯೂ ಯಾರೋ ಬರೆದದ್ದು ಅವನಿಗೆ ನಡೆಯುತ್ತಿತ್ತು. ಕ್ಲೋಜಪಿನ್ ಜೊತೆ ಅದಿದ್ದರೆ ಹೃದಯದ ಉರಿಯೂತದ ಸಾಧ್ಯತೆ ಎರಡು ಪಟ್ಟಿಗೂ ಮೇಲೆ, ಮೊದಲ ದಿನಗಳಲ್ಲಿ ಡೋಸು ವೇಗವಾಗಿ ಏರಿಸಿದರೂ ಹಾಗೆಯೇ ಅಪಾಯ ಏರುತ್ತದೆ. ಅವನಿಗೆ ಫಿಟ್ಸ್ ಇರಲಿಲ್ಲ, ಅದನ್ನು ಇಳಿಸಿ ನಿಲ್ಲಿಸಿದೆವು. ಮೊದಲ ರಾತ್ರಿ 25 ಮಿಲಿಗ್ರಾಂ ಮಾತ್ರೆಯ ಅರ್ಧ, 12.5. ಮಲಗಿದಾಗ, ನಿಂತಾಗ ಬಿ.ಪಿ. ಮರುದಿನ 25. ಆಮೇಲೆ ವಾರಕ್ಕೆ 50ಕ್ಕಿಂತ ಹೆಚ್ಚು ಏರಿಸಬಾರದೆಂದು ಹಾಳೆಯಲ್ಲಿ ಬರೆದಿದ್ದೆ. ಪಾಶ್ಚಾತ್ಯ ಪುಸ್ತಕಗಳ ಲೆಕ್ಕಕ್ಕೆ ಇದು ಆಮೆನಡಿಗೆ. ಆದರೆ ನಮ್ಮ ಜನರ ಲಿವರ್ ಸಾಮಾನ್ಯವಾಗಿ ಈ ಮಾತ್ರೆಯನ್ನು ನಿಧಾನವಾಗಿ ಕರಗಿಸುತ್ತದೆ, ಕಡಿಮೆ ಮಾತ್ರೆಗೇ ರಕ್ತದಲ್ಲಿ ಹೆಚ್ಚು ಮಟ್ಟ. ಅದರ ಮೇಲೆ ಬೀಡಿ: ಬೀಡಿಯ ಹೊಗೆ ಆ ಲಿವರನ್ನು ಚುರುಕು ಮಾಡಿರುತ್ತದೆ. ದಿನಕ್ಕೆ ಒಂದು ಕಟ್ಟು ಸೇದುವ ಹುಡುಗ ವಾರ್ಡಿಗೆ ಬಂದು ಬೀಡಿ ಬಿಟ್ಟರೆ ಮಾತ್ರೆ ಏರಿಸದಿದ್ದರೂ ಮಟ್ಟ ಏರುತ್ತದೆ.

ಹದಿನಾಲ್ಕು ದಿನ ಸರಿಯಾಗಿ ಹೋಯಿತು. ಸಿ.ಆರ್.ಪಿ. ಮೊದಲು 3 ಇತ್ತು, ಏಳನೆಯ ದಿನ 5, ಹದಿನಾಲ್ಕನೆಯ ದಿನ 11. ಡೋಸು 100. ಜೊಲ್ಲು ಸುರಿಯುತ್ತಿತ್ತು, ದಿಂಬಿನ ಮೇಲೆ ಟವೆಲ್ ಹಾಸಿದ್ದರು. ಹದಿನೈದನೆಯ ರಾತ್ರಿ ಹನ್ನೊಂದೂವರೆಗೆ ಫೋನು. ಜ್ವರ 101.2, ನಾಡಿ 118. ಸೇರಿದ ದಿನ ನಾಡಿ 84 ಇತ್ತು.

ಜ್ವರ ಅಂದಕೂಡಲೇ ಮೊದಲು ಮುಂದಿನ ಮಗ್ಗುಲು. ನ್ಯೂಟ್ರೋಫಿಲ್ ನೆಲ ಕಚ್ಚಿದ್ದರೆ ಉಳಿದದ್ದೆಲ್ಲ ಆಮೇಲೆ. ಟಿ.ಸಿ. 9600, ನ್ಯೂಟ್ರೋಫಿಲ್ 74, ಗುಣಿಸಿದರೆ 7100ರ ಮೇಲೆ. ಆ ಭಯ ಹೋಯಿತು. ಹಾಳೆ ತಿರುಗಿಸಿದೆವು. ಎದೆನೋವಿಲ್ಲ, ಉಸಿರು ನಿಮಿಷಕ್ಕೆ ಹದಿನೆಂಟು, ಇ.ಸಿ.ಜಿ.ಯಲ್ಲಿ ವೇಗ ಬಿಟ್ಟರೆ ಬೇರೇನಿಲ್ಲ. ಟ್ರೋಪೋನಿನ್ ಮಿತಿಯೊಳಗೆ. ಸಿ.ಆರ್.ಪಿ. ಮಾತ್ರ ಆ ರಾತ್ರಿ ನಮ್ಮ ಲ್ಯಾಬಿನ ಮಿಷನ್ ಕೆಟ್ಟು ಹೊರಗೆ ಹೋಗಿತ್ತು. ಪೀಜಿ ಹುಡುಗ ಹೇಳಿದ: "6.2 ಮೇಡಂ, ಕಡಿಮೆಯಾಗಿದೆ. ವೈರಲ್ ಇರಬೇಕು."

ನಿನ್ನೆ 11 ಇದ್ದದ್ದು ಜ್ವರ ಬಂದ ದಿನ ಕಡಿಮೆಯಾಯಿತೇ? ರಿಪೋರ್ಟಿನ ಫೋಟೋ ಕಳಿಸು ಅಂದೆ. ನಮ್ಮ ಲ್ಯಾಬು ಲೀಟರಿನ ಲೆಕ್ಕದಲ್ಲಿ ಕೊಡುತ್ತದೆ, ಹೊರಗಿನವರು ಡೆಸಿಲೀಟರಿನ ಲೆಕ್ಕದಲ್ಲಿ ಕೊಟ್ಟಿದ್ದರು. ಹತ್ತರಿಂದ ಗುಣಿಸಬೇಕು. 6.2 ಅಲ್ಲ, 62. ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ. ಸಂಖ್ಯೆಯ ಪಕ್ಕದಲ್ಲಿ ಅಳತೆ ಬರೆಯಲು ನಾನೇ ಜಾಗ ಬಿಟ್ಟಿರಲಿಲ್ಲ.

ಸಿ.ಆರ್.ಪಿ. 62, ನಾಡಿ ಮೊದಲಿಗಿಂತ 34 ಹೆಚ್ಚು, ಟ್ರೋಪೋನಿನ್ ಸರಿ. ನಡುವಿನ ಸ್ಥಿತಿ. ನಿಲ್ಲಿಸಬೇಡಿ, ಏರಿಸಲೂ ಬೇಡಿ, 100ರಲ್ಲೇ ಇಡಿ, ನಾಲ್ಕು ಗಂಟೆಗೊಮ್ಮೆ ನಾಡಿ ಮತ್ತು ಉಸಿರು, ಬೆಳಗ್ಗೆ ಮತ್ತೆ ರಕ್ತ, ಜೊತೆಗೆ ಡೆಂಗ್ಯೂ ಮತ್ತು ಮೂತ್ರ. ಹೀಗೆ ಹೇಳಿ ಬೆಳಗ್ಗೆ ಆರಕ್ಕೆ ವಾರ್ಡಿಗೆ ಹೋದೆ. ತಾಯಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು.

"ಅಕ್ಕ, ಮಾತ್ರೆಯಿಂದಲೇ ಬಂದಿರೋ ಜ್ವರ ಇರಬಹುದು. ಎರಡು ಥರ ಇದೆ. ಒಂದು ಬಂದು ಹೋಗುತ್ತೆ. ಇನ್ನೊಂದು ಹೃದಯಕ್ಕೆ ಇಳಿಯುತ್ತೆ" ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಹುಳಾನೂ ಜ್ವರಕ್ಕೆ ಕೂರ್ತವಲ್ಲ ಕಣವ್ವ, ಹಂಗೇಯಾ?" ಅಂದಳು.

ರೇಷ್ಮೆ ಸಾಕದವರಿಗೆ ಇದನ್ನು ಹೇಳಬೇಕು. ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎಂದೇ ಹೆಸರು: ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲ್ಲಾಡದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಎಲ್ಲ ಎದ್ದ ಮೇಲೆಯೇ ಮುಂದಿನ ಸೊಪ್ಪು. ಹಾಲುತೊಂಡೆ ರೋಗ ಬಂದ ಹುಳು ಬೇರೆ. ಅದರ ಮೈ ಊದಿ ಹೊಳೆಯುತ್ತದೆ, ಒಂದು ಕಡೆ ನಿಲ್ಲದೆ ತಟ್ಟೆಯ ಅಂಚಿಗೆ ಹರಿದಾಡುತ್ತದೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸೀಮೆಎಣ್ಣೆ ದೀಪ ಕೊಟ್ಟು ತಟ್ಟೆಯ ಮುಂದೆ ನಿಲ್ಲಿಸುತ್ತಿದ್ದರು. ಕೂತದ್ದು ಯಾವುದು, ಹರಿದಾಡುವುದು ಯಾವುದು ನೋಡು ಅನ್ನುತ್ತಿದ್ದರು.

"ಹಂಗೇ ಅಕ್ಕ. ಇವತ್ತು ಸೊಪ್ಪು ಜಾಸ್ತಿ ಹಾಕಲ್ಲ. ಯಾವ ಜ್ವರ ಅಂತ ದಿನಾ ನೋಡ್ತೀವಿ" ಅಂದೆ. ಪೀಜಿ ಹುಡುಗ ಮುಖ ಮುಖ ನೋಡುತ್ತಿದ್ದ.

ಹದಿನಾರನೆಯ ದಿನ ಸಿ.ಆರ್.ಪಿ. 78, ನಾಡಿ 122, ಟ್ರೋಪೋನಿನ್ ಸರಿ. ಅವತ್ತು ನಿಲ್ಲಿಸಿಬಿಡೋಣ ಎಂದು ನನ್ನ ಕೈ ಎರಡು ಸಲ ಪೆನ್ನಿಗೆ ಹೋಯಿತು. ಹೃದಯ ಕೆಡುವಾಗಲೂ ಸಿ.ಆರ್.ಪಿ. ಮುಂದೆ ಓಡಿ ಟ್ರೋಪೋನಿನ್ ಕೆಲವು ದಿನ ಹಿಂದೆ ಬೀಳಬಹುದು ಎಂದು ಗೊತ್ತಿತ್ತು, ಹಾಗಾಗಿ ಒಂದು ದಿನದ ಒಳ್ಳೆಯ ಟ್ರೋಪೋನಿನ್ ಸಮಾಧಾನವಲ್ಲ. ಹದಿನೇಳಕ್ಕೆ ಎಕೋ ಮಾಡಿಸಿದೆವು, ಮೊದಲಿನಂತೆಯೇ ಇತ್ತು. ಸಿ.ಆರ್.ಪಿ. 71, ಜ್ವರ 99.8. ಹದಿನೆಂಟಕ್ಕೆ 38. ಇಪ್ಪತ್ತಕ್ಕೆ 12, ನಾಡಿ 102. ಹುಡುಗ ಎದ್ದು ಕೂತು ಇಡ್ಲಿ ಕೇಳಿದ. "ಜ್ವರ ಎದ್ದ ಬುಡವ್ವ" ಅಂದಳು ತಾಯಿ. ಇಪ್ಪತ್ತೆರಡನೆಯ ದಿನದಿಂದ ಮತ್ತೆ ಏರಿಸಿದೆವು.

ಎಲ್ಲರದ್ದೂ ಹೀಗೆ ಮುಗಿಯಲಿಲ್ಲ. ಮರುವರ್ಷ ಒಬ್ಬ ಹೆಂಗಸಿಗೆ ಹದಿನೆಂಟನೆಯ ದಿನ ಜ್ವರವೇ ಇರಲಿಲ್ಲ. ಬೆಳಗ್ಗೆಯಿಂದ ವಾಂತಿ, ಊಟ ಬೇಡ, ನಾಡಿ 126. ಗ್ಯಾಸ್ಟ್ರಿಕ್ ಎಂದು ಯಾರಾದರೂ ಬಿಡಬಹುದಿತ್ತು. ಸಿ.ಆರ್.ಪಿ. 134, ಟ್ರೋಪೋನಿನ್ ಮಿತಿಯೊಳಗೆ. ಹಾಳೆಯ "ಅಥವಾ" ನೋಡಿ ಸಿಸ್ಟರ್ ರಾತ್ರಿಯ ಮಾತ್ರೆ ತಡೆದರು. ಮೂರನೆಯ ದಿನ ಟ್ರೋಪೋನಿನ್ ನಾಲ್ಕು ಪಟ್ಟು. ನೂರಕ್ಕೆ 60 ರಕ್ತ ನೂಕುತ್ತಿದ್ದ ಹೃದಯ 42ಕ್ಕೆ ಇಳಿದಿತ್ತು. ಮಾತ್ರೆ ನಿಂತಿತ್ತು, ಹೃದಯ ವಾರಗಳ ಮೇಲೆ ಚೇತರಿಸಿತು. ಕ್ಲೋಜಪಿನ್ ಅವರಿಗೆ ಮತ್ತೆ ಕೊಡಲಿಲ್ಲ. ಅವರ ಕಿವಿಯ ದನಿಗಳು ಹೋಗಲೂ ಇಲ್ಲ.

ಹುಡುಗನನ್ನು ಮನೆಗೆ ಕಳಿಸುವಾಗ ಹಾಳೆಯನ್ನು ಮತ್ತೆ ತಿದ್ದಬೇಕಾಯಿತು. ವಾರ್ಡಿನ ಕಾಗದ ವಾರ್ಡಿನ ಬಾಗಿಲಿಗೆ ಮುಗಿಯುತ್ತಿತ್ತು, ರಕ್ತದ ಲೆಕ್ಕವಾದರೋ ಹದಿನೆಂಟು ವಾರ ಪ್ರತಿ ವಾರ, ಆಮೇಲೂ ದೀರ್ಘಕಾಲ. ಕನಕಪುರದಲ್ಲಿ ರಕ್ತ ಕೊಟ್ಟು ರಿಪೋರ್ಟಿನ ಫೋಟೋ ನನಗೆ ಕಳಿಸುವುದು ಎಂದು ಗೊತ್ತು ಮಾಡಿದೆವು. ತಾಯಿಗೆ ಗುಣಿಸುವುದನ್ನು ಹೇಳಿಕೊಡಲು ಹೋದೆ. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿನ ತೂಕಕ್ಕೂ ರೇಟಿಗೂ ನಿಂತಲ್ಲೇ ಲೆಕ್ಕ ಹಾಕುವವಳು. ನಾನು ಮೊಬೈಲು ತೆಗೆಯುವುದರೊಳಗೆ ಉತ್ತರ ಹೇಳಿದಳು. ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಕಾಯಬಾರದು. ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿದರೆ ಹಳೆಯ ಪ್ರಮಾಣ ಒಮ್ಮೆಗೇ ಕೊಡಬಾರದು, ಬಿ.ಪಿ. ಬಿದ್ದು ಕುಸಿಯಬಹುದು.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಫೋನು ಬಂತು. ಕಬ್ಬಾಳಮ್ಮನಿಗೆ ಹೋಗಿದ್ದರಂತೆ, ಅಲ್ಲಿಂದ ಹಾಗೆಯೇ ನೆಂಟರ ಮನೆ, ಮಾತ್ರೆಯ ಡಬ್ಬಿ ಊರಲ್ಲೇ ಉಳಿದಿತ್ತು.

"ಮೂರು ರಾತ್ರಿ ತಪ್ಪೋಯ್ತು ಕಣವ್ವ. ಇನ್ನೂ ಕೊಟ್ಟಿಲ್ಲ. ಕೈಲೇ ಇಟ್ಕಂಡಿವ್ನಿ. ಎಷ್ಟರಿಂದ ಸುರು ಮಾಡ್ಲಿ?"

"ಅರ್ಧ ಮಾತ್ರೆ ಅಕ್ಕ" ಅಂದೆ. "ಇಪ್ಪತ್ತೈದರದ್ದು. ಮೊದಲ್ನೇ ದಿನ ಕೊಟ್ಟಿದ್ವಲ್ಲ, ಅದು."

"ಮುರಿದೆ" ಅಂದಳು.